ಮೆಟ್ಟಿಲು ಎಷ್ಟಿವೆ ಎಂದು ಕೇಳಿದವರು

ಹೋದ ಶ್ರಾವಣದಲ್ಲಿ ನಾವು ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳು ಸೇರಿ ಬ್ಲಫ್‌ನಲ್ಲಿ ಎರಡು ದಿನದ ಓದಿನ ಕಮ್ಮಟ ಮಾಡಿದೆವು. ಮಳವಳ್ಳಿಯಿಂದ ಮುಂದೆ, ಕಾವೇರಿ ಕವಲೊಡೆದು ಬೀಳುವಲ್ಲಿ, ಗಗನಚುಕ್ಕಿಯ ಪಕ್ಕದ ಊರು ಅದು. ನಕಾಶೆಯಲ್ಲಿ ಶಿವನಸಮುದ್ರ ಅಂತಿದ್ದರೂ ನಮ್ಮ ಕಡೆಯವರ ಬಾಯಲ್ಲಿ ಬ್ಲಫ್ಫೇ. ಕಡಿದಾದ ದಿಬ್ಬಕ್ಕೆ ಇಂಗ್ಲಿಷರು ಹೇಳುವ ಮಾತು ಇಲ್ಲಿ ಊರಿನ ಹೆಸರಾಗಿ ಕೂತಿದೆ. ಆ ದಿಬ್ಬದ ಬುಡದಲ್ಲೇ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋದದ್ದು. ಬೆಂಗಳೂರಿನ ಬೀದಿಗೆ ದೀಪ ಬರಲು ಇನ್ನೂ ಮೂರು ವರ್ಷ ಬೇಕಾಯಿತು. ವಿದ್ಯುತ್ ಬಂದ ಕಾಲದ ಕನ್ನಡ ಬರಹಗಳ ಮೇಲೆ ನಾನು ಕೆಲಸ ಮಾಡುತ್ತಿರುವುದರಿಂದ, ಆ ಬರಹಗಳನ್ನು ಆ ಜಾಗದಲ್ಲೇ ಕೂತು ಓದಬೇಕೆಂಬ ಆಸೆ ನನ್ನದು. ನೋಂದಣಿಯ ಜವಾಬ್ದಾರಿಯೂ ನನ್ನ ತಲೆಗೇ ಬಂತು. ಈ ಬರಹ ಓದಿನ ಕುರಿತದ್ದಲ್ಲ, ಆ ನೋಂದಣಿ ಫಾರಂ ಕುರಿತದ್ದು.

ಮೊದಲ ಫಾರಂ ಅನ್ನು ನಾನು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದ್ದೆ. ಹೆಸರು, ಊರು, ಫೋನು. ಆಮೇಲೆ 'ಅಂಗವೈಕಲ್ಯವಿದೆಯೇ? ಹೌದು / ಇಲ್ಲ'. ಹೌದು ಎಂದರೆ ಕೆಳಗೆ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಅದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ ಇಪ್ಪತ್ತೊಂದು ಬಗೆಗಳ ಪಟ್ಟಿ. ಯಾವುದೋ ವಿದ್ಯಾರ್ಥಿವೇತನದ ಅರ್ಜಿಯಿಂದ ಹಾಗೇ ಎತ್ತಿಕೊಂಡಿದ್ದೆ. ಅದರ ಕೆಳಗೆ 'ಶೇಕಡಾ ಎಷ್ಟು?' ಮತ್ತು ಪ್ರಮಾಣಪತ್ರ ಏರಿಸಲು ಒಂದು ಗುಂಡಿ. ಕೊನೆಗೆ 'ಆಹಾರ: ಸಸ್ಯಾಹಾರಿ / ಮಾಂಸಾಹಾರಿ'. ಎಲ್ಲದರ ಮುಂದೂ ಕಡ್ಡಾಯದ ಕೆಂಪು ಚುಕ್ಕಿ. ಎಷ್ಟು ಅಚ್ಚುಕಟ್ಟಾಗಿದೆ ಎಂದು ನನಗೆ ನಾನೇ ಮೆಚ್ಚಿಕೊಂಡಿದ್ದೆ.

ನಲವತ್ತೆರಡು ಜನ ತುಂಬಿದರು. ಅಂಗವೈಕಲ್ಯದ ಕಾಲಮಿನಲ್ಲಿ ಮೇಲಿಂದ ಕೆಳಗಿನವರೆಗೆ 'ಇಲ್ಲ, ಇಲ್ಲ, ಇಲ್ಲ'. ಸದ್ಯ, ಆ ಕಡೆಯ ಏರ್ಪಾಟು ಏನೂ ಬೇಕಿಲ್ಲವಲ್ಲ ಎಂದುಕೊಂಡೆ.

ಕಮ್ಮಟಕ್ಕೆ ಹತ್ತು ದಿನ ಇರುವಾಗ ಒಬ್ಬರು ಫೋನ್ ಮಾಡಿದರು. ಮಂಡ್ಯದವರು, ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು, ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಾರೆ. ಸಭಾಂಗಣಕ್ಕೆ ಮೆಟ್ಟಿಲು ಎಷ್ಟಿವೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಾನೇ ಹೋಗಿ ಮುಂಗಡ ಕೊಟ್ಟು ಬಂದ ಕಟ್ಟಡ, ಮೆಟ್ಟಿಲು ಹತ್ತಿಯೇ ಒಳಗೆ ಹೋಗಿದ್ದೆ, ಆದರೆ ಎಷ್ಟು ಎಂದು ಹೇಳಲಾಗಲಿಲ್ಲ. "ಶೌಚಾಲಯದ ಬಾಗಿಲು ಎಷ್ಟು ಅಗಲ ಇದೆಯಮ್ಮ?" ಅದೂ ಗೊತ್ತಿಲ್ಲ. "ಪರವಾಗಿಲ್ಲ, ನೋಡಿ ಹೇಳಿ. ನಾನು ವೀಲ್‌ಚೇರ್‌ನಲ್ಲಿ ಬರ್ತೀನಿ" ಎಂದರು.

ಫೋನ್ ಇಟ್ಟ ಮೇಲೆ ಕಾಲಮು ತೆಗೆದು ನೋಡಿದೆ. ಅವರ ಹೆಸರಿನ ಮುಂದೆಯೂ 'ಇಲ್ಲ' ಎಂದೇ ಇತ್ತು.

ಸುಳ್ಳು ಬರೆದಿದ್ದಾರೆ ಎಂದು ಆ ಕ್ಷಣಕ್ಕೆ ಅನ್ನಿಸಿದ್ದು ನಿಜ. ಆಮೇಲೆ ನನ್ನದೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿದೆ. ಎರಡು ದಿನ ಪುಸ್ತಕ ಓದಲು ಬರುವವರನ್ನು ನಾನು ಕೇಳಿದ್ದು ಅವರ ಕಾಯಿಲೆಯ ಹೆಸರನ್ನು, ಅದರ ಅಳತೆಯನ್ನು, ಅದಕ್ಕೆ ಪುರಾವೆಯನ್ನು. ಶೇಕಡಾ ಎಂಬ ಲೆಕ್ಕ ಸರ್ಕಾರಕ್ಕೆ ಬೇಕು. ಶೇಕಡಾ 40 ಮುಟ್ಟಿದರೆ ಮೀಸಲಾತಿ ಮುಂತಾದ ಸೌಲಭ್ಯಗಳ ಬಾಗಿಲು ತೆರೆಯುತ್ತದೆ, ಆದ್ದರಿಂದ ಅಲ್ಲಿ ಪ್ರಮಾಣಪತ್ರಕ್ಕೂ ಅರ್ಥವಿದೆ. ನಾನೇನು ಮೀಸಲಾತಿ ಹಂಚುತ್ತಿರಲಿಲ್ಲ. ಒಬ್ಬರಿಗೆ ಶೇಕಡಾ 75 ಎಂದು ತಿಳಿದರೆ ನಾನು ಯಾವ ಬಾಗಿಲನ್ನು ಅಗಲ ಮಾಡುತ್ತಿದ್ದೆ? ಅಷ್ಟೆಲ್ಲ ಕೇಳಿಯೂ, ಏರ್ಪಾಟು ಮಾಡಲು ಬೇಕಾದ ಒಂದೇ ಒಂದು ಸಂಗತಿ, ಈ ಕಟ್ಟಡದೊಳಗೆ ಅವರು ಹೇಗೆ ಬರುತ್ತಾರೆ ಎಂಬುದು, ನನ್ನ ಫಾರಂನಲ್ಲಿ ಇರಲಿಲ್ಲ. ಅವರು ಕೇಳಿದ್ದರಲ್ಲಿ ಮಾತ್ರ ಇತ್ತು. ಫೋನಿನಲ್ಲಿ ಅವರು ತಮ್ಮ ಬಗ್ಗೆ ಹೇಳಿದ್ದು ಒಂದೇ ಮಾತು, ಉಳಿದದ್ದೆಲ್ಲ ಕಟ್ಟಡದ ಬಗ್ಗೆ.

ಮಾರನೆಯ ದಿನ ಮೈಸೂರಿನಿಂದ ಹೊರಟು, ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಬಡಗಿಯವರು ಬಳಸುವ ಅಳತೆ ಟೇಪು ಹಿಡಿದು ಬ್ಲಫ್‌ಗೆ ಹೋದೆ.

ಮುಂಬಾಗಿಲಿಗೆ ಮೂರು ಮೆಟ್ಟಿಲು, ಒಂದೊಂದು ಆರು ಇಂಚು. ಒಟ್ಟು ಹದಿನೆಂಟು ಇಂಚು ಎತ್ತರ. ಇಳಿಜಾರು ಹಲಗೆ ಹಾಕಿದರಾಯಿತು ಎಂದು ಸುಲಭವಾಗಿ ಅನ್ನಿಸುತ್ತದೆ. ಆದರೆ ವೀಲ್‌ಚೇರ್‌ಗೆ ಸುರಕ್ಷಿತವಾದ ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು: ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು, ಅಂದರೆ ಒಂದು ಅಡಿ ಉದ್ದ. ಹದಿನೆಂಟು ಇಂಚಿಗೆ ಹದಿನೆಂಟು ಅಡಿ. ಅಂಗಳ ಇದ್ದದ್ದೇ ಹನ್ನೊಂದು ಅಡಿ, ಅದರಾಚೆ ರಸ್ತೆ. ಹನ್ನೊಂದು ಅಡಿಯಲ್ಲೇ ಇಳಿಸಿದರೆ ಅದು ಇಳಿಜಾರಲ್ಲ, ಜಾರುಬಂಡಿ. ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುವ ಭಯ, ಇಳಿಯುವಾಗ ಹಿಡಿತ ತಪ್ಪುವ ಭಯ. ನಾಲ್ಕು ಜನ ಹುಡುಗರು ಕುರ್ಚಿಯನ್ನೇ ಎತ್ತಿಕೊಂಡರಾಯಿತು ಎಂದು ನಮ್ಮ ಗುಂಪಿನಲ್ಲಿ ಒಬ್ಬ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ದಿನಕ್ಕೆ ಏಳೆಂಟು ಸಲ ಪಲ್ಲಕ್ಕಿಯ ದೇವರಂತೆ ಹೊತ್ತು ಇಳಿಸುವುದನ್ನು ಅವರು ಯಾಕೆ ಒಪ್ಪಬೇಕು? ಕೈ ಜಾರಿದರೆ ಯಾರು ಹೊಣೆ?

ಹಿಂದೆ ಅಡುಗೆಮನೆಯ ಕಡೆ ಇನ್ನೊಂದು ಬಾಗಿಲಿತ್ತು. ಅಲ್ಲಿ ಒಂದೇ ಹೊಸ್ತಿಲು, ನಾಲ್ಕು ಇಂಚು. ನಾಲ್ಕು ಅಡಿಯ ಗಟ್ಟಿ ಹಲಗೆ ಸಾಕು. ಬಾಗಿಲಿನ ಅಗಲ ಮೂವತ್ನಾಲ್ಕು ಇಂಚು. ಸಾಮಾನ್ಯ ವೀಲ್‌ಚೇರ್ ಇಪ್ಪತ್ತೈದು ಇಪ್ಪತ್ತಾರು ಇಂಚು ಇರುತ್ತದೆ, ಚಕ್ರ ತಳ್ಳುವ ಕೈಗಳಿಗೆ ಇನ್ನಷ್ಟು ಜಾಗ ಬೇಕು. ಇಲ್ಲಿ ಸಲೀಸು. ಶೌಚಾಲಯದ ಬಾಗಿಲು ಮಾತ್ರ ಇಪ್ಪತ್ನಾಲ್ಕು ಇಂಚು, ಒಳಗೆ ಕೂರುವ ಪದ್ಧತಿಯದು. ಅಲ್ಲಿಗೆ ಆ ದಾರಿ ಮುಚ್ಚಿತು. ಎದುರು ಸಾಲಿನ ಮನೆಯ ಅಜ್ಜಿ ನಾನು ಬಾಗಿಲ ಅಳತೆ ತೆಗೆಯುವುದನ್ನೇ ನೋಡುತ್ತಿದ್ದವರು, ಮನೆ ಬಾಡಿಗೆಗೆ ಬಂದಿದ್ದೀಯಾ ಎಂದು ಕೇಳಿದರು. ವಿಷಯ ಹೇಳಿದೆ. "ನನ್ ಮಂಡಿ ಆಪರೇಶನ್ ಆದ್ಮೇಲೆ ಮಗ ಕಮೋಡ್ ಹಾಕ್ಸವ್ನೆ, ಬಾಗ್ಲೂ ದೊಡ್ಡದು ಮಾಡ್ಸವ್ನೆ. ಬಂದ್ ನೋಡವ್ವ" ಎಂದರು. ನೋಡಿದೆ. ಮೂವತ್ತೆರಡು ಇಂಚು, ನೆಲ ಸಮತಟ್ಟು, ಗೋಡೆಗೆ ಹಿಡಿಕೆ. ಕಮ್ಮಟದ ನಿಜವಾದ ಮೂಲಸೌಕರ್ಯ ಅಜ್ಜಿಯ ಮನೆಯಲ್ಲಿತ್ತು.

ಸಂಜೆ ಫೋನ್ ಮಾಡಿ ಎಲ್ಲ ಅಳತೆ ಓದಿ ಹೇಳಿದೆ. ಹಿಂದಿನ ಬಾಗಿಲಿನ ವಿಷಯ ಬಂದಾಗ ನನ್ನ ದನಿ ಸಣ್ಣಗಾಯಿತು. ಅಡುಗೆಮನೆ ಹಾದು ಬರಬೇಕು ಮೇಡಂ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಿಂದಿನ ಬಾಗಿಲಾದರೆ ಆಗಲಿ. ಎಲ್ಲರೂ ಅದರಲ್ಲೇ ಬರೋ ಹಾಗೆ ಮಾಡಿ." ನೋಂದಣಿಯ ಮೇಜು, ಚೀಲ ಹಂಚುವ ಜಾಗ, ಕಾಫಿಯ ಕ್ಯಾನು ಎಲ್ಲವನ್ನೂ ಹಿಂದಕ್ಕೆ ಸಾಗಿಸಿದೆವು. ಎರಡು ದಿನವೂ ಮುಂಬಾಗಿಲ ಚಿಲಕ ತೆಗೆಯಲಿಲ್ಲ. ಬಂದವರಿಗೆ ಅದು ಹಿಂಬಾಗಿಲು ಎಂದು ಗೊತ್ತಾಗಿದ್ದರೆ ಒಗ್ಗರಣೆಯ ವಾಸನೆಯಿಂದ ಮಾತ್ರ.

ಆ ರಾತ್ರಿಯೇ ಹೊಸ ಫಾರಂ ಮಾಡಿ, ಹಳೆಯದನ್ನು ಮುಚ್ಚಿ, ಎಲ್ಲರಿಗೂ ಕಳಿಸಿದೆ. ಈ ಸಲ ಮೊದಲು ಪ್ರಶ್ನೆ ಇರಲಿಲ್ಲ. ಮೊದಲು ನಮ್ಮ ಜಾಗದ ತಪ್ಪೊಪ್ಪಿಗೆ:

'ಸಭಾಂಗಣದ ಮುಂದೆ ಮೂರು ಮೆಟ್ಟಿಲುಗಳಿವೆ. ಹಿಂಬಾಗಿಲಿಗೆ ಹಲಗೆ ಹಾಕಿರುತ್ತೇವೆ, ಎಲ್ಲರೂ ಅಲ್ಲಿಂದಲೇ ಬರುತ್ತೇವೆ. ಒಳಗಿನ ಶೌಚಾಲಯದ ಬಾಗಿಲು 24 ಇಂಚು. ಕಮೋಡ್ ಇರುವ, 32 ಇಂಚು ಬಾಗಿಲಿನ ಶೌಚಾಲಯ ಎದುರಿನ ಮನೆಯಲ್ಲಿದೆ, ನಲವತ್ತು ಹೆಜ್ಜೆ. ಭಾನುವಾರ ಬೆಳಿಗ್ಗೆ ಗಗನಚುಕ್ಕಿ ನೋಡಲು ಹೋಗುತ್ತೇವೆ. ಮೇಲಿನಿಂದ ಜಲಪಾತ ಕಾಣುತ್ತದೆ, ಹತ್ತಿರ ಹೋಗಲು ಮೆಟ್ಟಿಲು ಇಳಿಯಬೇಕು. ನಾವು ಓದುವುದು ಮೇಲೆಯೇ. ಅಲ್ಲಿ ನೀರಿನ ಸದ್ದು ಜೋರು.'

ಇದನ್ನು ಓದಿದವರು ಬಹುಪಾಲು ತಮ್ಮ ತೀರ್ಮಾನವನ್ನು ತಾವೇ ಮಾಡಿಕೊಳ್ಳಬಹುದು. ಮಂಡಿ ನೋವಿನವರು, ಬಸುರಿ ಹೆಂಗಸು, ಕಾಲಿಗೆ ಪಟ್ಟಿ ಹಾಕಿಕೊಂಡವರು, ಇವರು ಯಾರೂ ಆ ಇಪ್ಪತ್ತೊಂದರ ಪಟ್ಟಿಯಲ್ಲಿ ಬರುವುದಿಲ್ಲ. ಮೆಟ್ಟಿಲು ಇವರಿಗೂ ಮೆಟ್ಟಿಲೇ. ಜಾಗದ ವಿವರ ಕೊಟ್ಟ ಮೇಲೆ ಒಂದು ಪ್ರಶ್ನೆ: 'ಒಳಗೆ ಬರಲು, ಕೂರಲು, ಓಡಾಡಲು ನಾವು ಏನು ಮಾಡಿಡಬೇಕು?' ಅದರ ಕೆಳಗೆ ಗುರುತು ಹಾಕಲು ನಾಲ್ಕು: ವೀಲ್‌ಚೇರ್ ನಿಲ್ಲಲು ಸಾಲಿನ ತುದಿಯಲ್ಲಿ ಜಾಗ, ಕೈಯಿರುವ ಕುರ್ಚಿ, ಬಸ್ ನಿಲ್ದಾಣದಿಂದ ವಾಹನ, ಜೊತೆಗೆ ಬರುವ ಸಹಾಯಕರಿಗೆ ಊಟ, ಅದಕ್ಕೆ ಶುಲ್ಕವಿಲ್ಲ. ಐದನೆಯದು ಖಾಲಿ ಸಾಲು. ಕಡ್ಡಾಯದ ಕೆಂಪು ಚುಕ್ಕಿ ಇಲ್ಲ. 'ಬರೆಯುವುದಕ್ಕಿಂತ ಮಾತಾಡುವುದು ಸುಲಭವೆನಿಸಿದರೆ ಫೋನ್ ಮಾಡಿ' ಎಂದು ನನ್ನ ನಂಬರು. ಯಾಕೆ ಬೇಕು ಎಂದು ಎಲ್ಲಿಯೂ ಕೇಳಲಿಲ್ಲ. ಕೈಯಿರುವ ಕುರ್ಚಿ ಬೇಕೆಂದು ಮೂವರು ಗುರುತು ಹಾಕಿದರು. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೂರು ಕುರ್ಚಿ ತರಿಸಿದೆವು, ಅಷ್ಟೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಹಾಕಿದ್ದನ್ನು ಮಾಡಿಕೊಡಲೇಬೇಕು. ಒಳ್ಳೆಯವರೆನಿಸಿಕೊಳ್ಳಲು ಹತ್ತು ಸೌಲಭ್ಯ ಬರೆದು, ಬಂದ ಮೇಲೆ ಕೈ ಚೆಲ್ಲುವುದು ಕೇಳದೆ ಇರುವುದಕ್ಕಿಂತ ಕೆಟ್ಟದ್ದು. ಸನ್ನೆಭಾಷೆಯ ವಿಷಯದಲ್ಲಿ ನಾನು ಆ ತಪ್ಪು ಮಾಡುವುದರಲ್ಲಿದ್ದೆ. ಸುಮ್ಮನೆ ಒಂದು ಚೌಕ ಸೇರಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ದಿನವಿಡೀ ನಡೆಯುವ ಮಾತಿಗೆ ಒಬ್ಬ ಅನುವಾದಕರು ಸಾಲುವುದಿಲ್ಲ. ಕೈಯೂ ತಲೆಯೂ ದಣಿಯುತ್ತವೆ, ಅದಕ್ಕೇ ಇಬ್ಬರು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುತ್ತ ಮಾಡುತ್ತಾರೆ. ಅವರನ್ನು ಮುಂಚೆಯೇ ಗೊತ್ತು ಮಾಡಬೇಕು, ಓದುವ ಬರಹಗಳನ್ನು ಮೊದಲೇ ಕಳಿಸಬೇಕು. ಆದ್ದರಿಂದ 'ಸನ್ನೆಭಾಷೆ ಬೇಕಿದ್ದರೆ ಈ ಗುರುವಾರದೊಳಗೆ ತಿಳಿಸಿ, ಮೈಸೂರಿನಿಂದ ಇಬ್ಬರನ್ನು ಕರೆಸಲು ನಮಗೆ ಅಷ್ಟು ದಿನ ಬೇಕು' ಎಂದು ಬರೆದೆ. ಯಾರೂ ಕೇಳಲಿಲ್ಲ. ಬೇಕಾದವರು ಇರಲಿಲ್ಲವೆಂದು ಇದರಿಂದ ಹೇಳಲಾಗದು. ನಲವತ್ತೆರಡು ಜನ ಆಗಲೇ ಭರ್ತಿಯಾಗಿದ್ದರು, ಮೊದಲ ಫಾರಂ ನೋಡಿ ಇದು ನಮಗಲ್ಲ ಎಂದು ಹೋದವರ ಲೆಕ್ಕ ನನ್ನ ಕಾಲಮಿನಲ್ಲಿ ಎಲ್ಲಿ ಸಿಗುತ್ತದೆ?

ಕಿವಿಯ ವಿಷಯ ಕಾಲಿನದಕ್ಕಿಂತ ಸೂಕ್ಷ್ಮ. ವೀಲ್‌ಚೇರ್ ಕಣ್ಣಿಗೆ ಬೀಳುತ್ತದೆ, ಕೇಳಿಸದಿರುವುದು ಬೀಳುವುದಿಲ್ಲ. ನಮ್ಮಲ್ಲಿ 'ಕಿವುಡ' ಎನ್ನುವುದು ವಿವರಣೆಗಿಂತ ಹೆಚ್ಚಾಗಿ ಬೈಗುಳ. 'ಶ್ರವಣದೋಷವಿದೆಯೇ' ಎಂದು ಸಂಸ್ಕೃತದಲ್ಲಿ ಕೇಳಿದರೆ ದೋಷ ಹೋಗುವುದಿಲ್ಲ, ದೋಷ ಎಂಬ ಮಾತು ಮಾತ್ರ ಸೇರಿಕೊಳ್ಳುತ್ತದೆ. ಜೊತೆಗೆ ಆ ಪ್ರಶ್ನೆಗೆ ಸಿಗುವ ಉತ್ತರದಿಂದ ಏನು ಮಾಡಬೇಕೆಂಬುದೂ ತಿಳಿಯುವುದಿಲ್ಲ. ಹುಟ್ಟಿನಿಂದ ಕಿವಿ ಕೇಳದೆ ಸನ್ನೆಯಲ್ಲೇ ಬೆಳೆದವರಿಗೆ ಬೇಕಾದದ್ದು ಒಂದು, ಅರವತ್ತರ ಮೇಲೆ ಶ್ರವಣಯಂತ್ರ ಹಾಕಿಕೊಂಡವರಿಗೆ ಬೇಕಾದದ್ದು ಬೇರೆಯೇ. ಎರಡನೆಯವರಿಗೆ ಸನ್ನೆ ಬರುವುದೇ ಇಲ್ಲ.

ಹೊಸ ಫಾರಂನಲ್ಲಿ ಹೀಗೆ ಕೇಳಿದೆ: 'ಮಾತು ನಿಮಗೆ ಚೆನ್ನಾಗಿ ತಲುಪಲು ಯಾವುದು ಅನುಕೂಲ?' ಮಾತಾಡುವವರ ಮುಖ ಕಾಣುವಂತೆ ಮುಂದಿನ ಸಾಲು. ಓದುವ ಬರಹದ ಅಚ್ಚು ಪ್ರತಿ. ಚರ್ಚೆಯಲ್ಲಿ ಪ್ರಶ್ನೆ ಕೇಳುವವರೂ ಮೈಕಿನಲ್ಲೇ ಮಾತಾಡುವುದು. ಅಚ್ಚು ಪ್ರತಿ ಬೇಕೆಂದು ಹನ್ನೊಂದು ಜನ ಗುರುತು ಹಾಕಿದ್ದರು. ಅವರಲ್ಲಿ ಕಿವಿಯ ಕಾರಣಕ್ಕೆ ಬೇಕಾದವರು ಯಾರು, ಗುರುತು ಮಾಡಿಕೊಳ್ಳಲು ಪೆನ್ಸಿಲ್ ಹಿಡಿದು ಓದುವ ಚಾಳಿಯವರು ಯಾರು ಎಂದು ತಿಳಿಯಲು ದಾರಿಯೇ ಇರಲಿಲ್ಲ. ಅದು ನನಗೆ ಬಹಳ ಇಷ್ಟವಾಯಿತು. ನಲವತ್ತೆರಡು ಪ್ರತಿ ಮಾಡಿಸಿ ಎಲ್ಲರಿಗೂ ಕೊಟ್ಟೆವು.

ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಶನಿವಾರ ಬೆಳಿಗ್ಗೆ ಮೊದಲ ಸಾಲಿನ ಎಡತುದಿಯಲ್ಲಿ ಕೂತು, ಕಿವಿಯ ಹಿಂದಿನ ಪುಟ್ಟ ಯಂತ್ರ ಸರಿಪಡಿಸಿಕೊಳ್ಳುತ್ತಿದ್ದರು. ನಮ್ಮ ಹುಡುಗನೊಬ್ಬ ಅದನ್ನು ನೋಡಿ ಅವರ ಹತ್ತಿರ ಗಂಟಲು ಹರಿಯುವಂತೆ ಮಾತಾಡತೊಡಗಿದ. ಮೇಷ್ಟ್ರು ನಗುತ್ತಲೇ ಕೈ ಅಡ್ಡ ಹಿಡಿದರು. "ಜೋರು ಬೇಡಪ್ಪ, ಹತ್ತಿರ ಬಾ. ಈ ಮಿಷನ್ನು ನಿನ್ನ ದನೀನೂ ದೊಡ್ಡದು ಮಾಡುತ್ತೆ, ಫ್ಯಾನಿನ ಸದ್ದನ್ನೂ ದೊಡ್ಡದು ಮಾಡುತ್ತೆ. ಅದಕ್ಕೆ ನಿನಗೂ ಫ್ಯಾನಿಗೂ ವ್ಯತ್ಯಾಸ ಗೊತ್ತಿಲ್ಲ." ಅವರ ತಲೆಯ ಮೇಲಿನ ಫ್ಯಾನು ಆರಿಸಿದೆವು. ಮರುದಿನ ಗಗನಚುಕ್ಕಿಯ ಎದುರು ಓದುವಾಗ ಆ ಮಾತಿನ ಅರ್ಥ ನಮಗೆಲ್ಲ ತಿಳಿಯಿತು. ಶ್ರಾವಣದ ನದಿ ತುಂಬಿ ಬೀಳುತ್ತಿತ್ತು. ಬ್ಯಾಟರಿಯ ಸಣ್ಣ ಮೈಕು ಇದ್ದರೂ ಮೂರನೆಯ ಸಾಲಿನವರಿಗೆ ಒಂದು ಅಕ್ಷರ ಕೇಳಿಸಲಿಲ್ಲ. ಎಲ್ಲರೂ ಅಚ್ಚು ಪ್ರತಿಯ ಮೇಲೆ ಬೆರಳಿಟ್ಟು ಓದಿದೆವು. ಮೇಷ್ಟ್ರು ಯಂತ್ರ ಆರಿಸಿ ಜೇಬಿಗೆ ಹಾಕಿಕೊಂಡು, ನಮಗಿಂತ ಎರಡು ಪುಟ ಮುಂದಿದ್ದರು.

ಇನ್ನು ಊಟ. ಇದರಲ್ಲಿ ನಾನು ಮಾಡಿದ ತಪ್ಪು ಅಂಗವೈಕಲ್ಯದ ಕಾಲಮಿಗಿಂತ ದೊಡ್ಡದು ಎಂದು ಈಗಲೂ ನನ್ನ ಭಾವನೆ.

ಮಂಡ್ಯದವರಿಗೆ ಊಟದ ಪ್ರಶ್ನೆ ಹೊಸದಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಎಂಬತ್ತೇಳನೆಯ ಸಾಹಿತ್ಯ ಸಮ್ಮೇಳನ ನಡೆದಾಗ, ಮದ್ಯ ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದಕ್ಕೆ ಎದ್ದ ಬಾಡೂಟದ ಕೂಗು ನಾಡಿಗೆಲ್ಲ ಕೇಳಿಸಿತ್ತು. ಅದನ್ನು ಕಂಡಿದ್ದ ನಾನು, ನಮ್ಮ ಕಮ್ಮಟದಲ್ಲಿ ಎರಡೂ ಇರಲಿ ಎಂದು ಧಾರಾಳವಾಗಿ ಎರಡು ಚೌಕ ಹಾಕಿದ್ದೆ. ಆದರೆ 'ಸಸ್ಯಾಹಾರಿ / ಮಾಂಸಾಹಾರಿ' ಎಂಬ ಪ್ರಶ್ನೆ ತಟ್ಟೆಯಲ್ಲಿ ಏನು ಬಡಿಸಲಿ ಎಂದು ಕೇಳುವುದಿಲ್ಲ. ನೀನು ಯಾರು ಎಂದು ಕೇಳುತ್ತದೆ. ಮನೆ ಬಾಡಿಗೆಗೆ ಹುಡುಕಿದ ಯಾರಿಗಾದರೂ ಇದು ಗೊತ್ತು: ಜಾತಿ ಕೇಳಲು ನಾಚಿದವರು ಕೇಳುವುದು ಇದನ್ನೇ. ಅದರ ಮೇಲೆ, ಉತ್ತರಗಳ ಹಾಳೆಯನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದೆ, ಹೆಸರು ಸರಿಯಿದೆಯೇ ನೋಡಿಕೊಳ್ಳಲಿ ಎಂದು. ಎರಡು ದಿನ ಕಳೆದ ಮೇಲೆ ಕೊಠಡಿ ಹಂಚುವ ಗೆಳೆಯ, ಊಟದ ಕಾಲಮಿನ ಪ್ರಕಾರ ಜೋಡಿ ಮಾಡಿದರೆ ಯಾರಿಗೂ ಮುಜುಗರವಿಲ್ಲ ಎಂದ. ಕೆಟ್ಟವನಲ್ಲ ಅವನು. ಹಾಳೆ ಅವನ ಮುಂದಿತ್ತು, ಕಾಲಮು ಇತ್ತು, ಬಳಸಿಕೊಂಡ. ಕೇಳಿದ ಕಾರಣವೊಂದು, ಬಳಕೆ ಇನ್ನೊಂದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ, ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದೆಯೋ ಅದಕ್ಕೆ ಬೇಕಾದಷ್ಟೇ ತೆಗೆದುಕೋ ಎಂದು. ಕಾನೂನು ಓದಿ ನಾನು ಕಲಿತದ್ದಲ್ಲ ಇದು. ಒಬ್ಬ ಹುಡುಗ ಮೊದಲ ದಿನ 'ಮಾಂಸಾಹಾರಿ' ಎಂದು ತುಂಬಿ, ಹಾಳೆ ಹಂಚಿದ ರಾತ್ರಿಯೇ ಒಳಹೋಗಿ 'ಸಸ್ಯಾಹಾರಿ' ಎಂದು ತಿದ್ದಿದ್ದ. ಅದನ್ನು ಕಂಡು ಹಾಳೆಯನ್ನು ಗುಂಪಿನಿಂದ ತೆಗೆದೆ, ಕೊಠಡಿಗೆ ಹೆಸರು ಬಂದ ಕ್ರಮವೇ ಸಾಕು ಎಂದು ಗೆಳೆಯನಿಗೆ ಹೇಳಿದೆ. ಆ ಹುಡುಗನನ್ನು ಏನೂ ಕೇಳಲಿಲ್ಲ. ಏನೆಂದು ಕೇಳುವುದು?

ಅಡುಗೆಯವರ ಹತ್ತಿರ ಹೋದಾಗ ಗಂಟು ಸುಲಭವಾಗಿ ಬಿಚ್ಚಿಕೊಂಡಿತು. ಇಪ್ಪತ್ತಾರು ಮಾಂಸಾಹಾರಿಗಳು, ಹದಿನಾರು ಸಸ್ಯಾಹಾರಿಗಳು ಎಂದು ನನ್ನ ಲೆಕ್ಕ ಒಪ್ಪಿಸಿದೆ. ಅವರು ನಕ್ಕರು. "ಶ್ರಾವಣ ಶನಿವಾರ ಕಣವ್ವ! ನಿನ್ ಇಪ್ಪತ್ತಾರು ಜನದಾಗೆ ಎಷ್ಟ್ ಜನ ಬಾಡು ಮುಟ್ತಾರೆ? ಯಾರು ಏನು ಅನ್ನೋದು ನಂಗ್ ಬ್ಯಾಡ. ಯಾವೊತ್ತಿಗೆ ಯಾವ ಸಾರು ಎಷ್ಟ್ ಎಲೆ, ಅದ್ ಹೇಳು ಸಾಕು." ಅವರ ಮಾತನ್ನೇ ಫಾರಂಗೆ ಇಳಿಸಿದೆ. ಶನಿವಾರ ಮಧ್ಯಾಹ್ನ: ಮುದ್ದೆ, ಹುರುಳಿಕಾಳು ಬಸ್ಸಾರು, ಜೊತೆಗೆ ಮೊಟ್ಟೆ ಬೇಕೇ? ಭಾನುವಾರ ಮಧ್ಯಾಹ್ನ: ಕೋಳಿಸಾರೋ, ಸೊಪ್ಪಿನ ಸಾರೋ? ಒಂದೊಂದು ಹೊತ್ತಿಗೆ ಬೇರೆ ಆಯ್ಕೆ. ಶನಿವಾರ ಮೊಟ್ಟೆ ಕೇಳಿದವರು ಒಂಬತ್ತೇ ಜನ. ಭಾನುವಾರ ಕೋಳಿಸಾರು ಕೇಳಿದವರು ಇಪ್ಪತ್ತೊಂದು. ಹಳೆಯ ಲೆಕ್ಕ ನಂಬಿದ್ದರೆ ಎರಡು ದಿನವೂ ತಪ್ಪುತ್ತಿತ್ತು. ಅಡುಗೆಯವರಿಗೆ ಹೆಸರಿಲ್ಲದ ಚೀಟಿ ಹೋಯಿತು, ಬರೀ ಎಲೆಗಳ ಸಂಖ್ಯೆ.

ಇಷ್ಟ ಬೇರೆ, ಅಪಾಯ ಬೇರೆ. ಅದಕ್ಕೆ ಬೇರೆಯೇ ಒಂದು ಸಾಲು: 'ಯಾವುದಾದರೂ ಪದಾರ್ಥ ನಿಮಗೆ ಆಗಿಬರುವುದಿಲ್ಲವೇ? ತಿನ್ನದಿದ್ದರೆ ಸಾಕೇ, ಅಥವಾ ಸ್ವಲ್ಪ ತಾಗಿದರೂ ತೊಂದರೆಯೇ?' ಈ ಎರಡನೆಯ ಭಾಗ ಒಳಹೊಕ್ಕು ಕೇಳಿದಂತೆ ಕಾಣಬಹುದು. ಆದರೆ ಇದರ ಉತ್ತರವಿಲ್ಲದೆ ಅಡುಗೆಮನೆಯಲ್ಲಿ ಕೆಲಸ ನಡೆಯುವುದಿಲ್ಲ. ಒಬ್ಬರಿಗೆ ಕಡಲೆಕಾಯಿ ತಾಗಿದರೂ ಗಂಟಲು ಕಟ್ಟುತ್ತದೆ ಎಂದು ಬಂತು. ಚಿತ್ರಾನ್ನದ ಮೇಲಿನ ಬೀಜ ತೆಗೆದಿಟ್ಟರೆ ಇದು ಬಗೆಹರಿಯುವುದಿಲ್ಲ. ಒಗ್ಗರಣೆಯ ಎಣ್ಣೆ ಯಾವುದು, ಚಟ್ನಿಪುಡಿಯ ಚಮಚ ಸಾರಿಗೆ ಬಿತ್ತೇ, ಬೀಜ ಹುರಿದ ಬಾಣಲೆಯಲ್ಲೇ ಪಲ್ಯ ಮಾಡಿದರೇ, ಎಲ್ಲವೂ ಮುಖ್ಯ. ಬೇರೆ ತಟ್ಟೆ ಬೇರೆ ಪಾತ್ರೆ ಎಂದು ಒಬ್ಬರನ್ನು ಪಂಕ್ತಿಯಿಂದ ಎಬ್ಬಿಸುವ ಬದಲು, ಅಡುಗೆಯವರು ಎರಡು ದಿನವೂ ಎಲ್ಲರಿಗೂ ಸೂರ್ಯಕಾಂತಿ ಎಣ್ಣೆ ಬಳಸಿದರು, ಕಡಲೆಕಾಯಿ ಆ ಅಡುಗೆಮನೆಗೆ ಬರಲೇ ಇಲ್ಲ. ಇನ್ನೊಬ್ಬರಿಗೆ ಗೋಧಿ ಆಗದು. ನಮ್ಮದು ಮುದ್ದೆ ಊಟ, ಏನು ತೊಂದರೆ ಎಂದುಕೊಂಡಿದ್ದೆವು. ಆಮೇಲೆ ಇಂಗಿನ ಡಬ್ಬಿ ತಿರುಗಿಸಿ ನೋಡಿದರೆ ಅದರಲ್ಲಿ ಗೋಧಿಹಿಟ್ಟು ಬೆರೆಸಿದೆ ಎಂದು ಅಚ್ಚಾಗಿತ್ತು. ಅಂಗಡಿಯ ಪುಡಿ ಇಂಗಿನಲ್ಲಿ ಅದು ಸಾಮಾನ್ಯವಂತೆ. ಇಂಗನ್ನೂ ಬಿಟ್ಟೆವು. ಬೆಳ್ಳುಳ್ಳಿ ಒಗ್ಗರಣೆ ಇದ್ದುದರಿಂದ ಯಾರಿಗೂ ಕೊರತೆ ಕಾಣಲಿಲ್ಲ.

ಭಾನುವಾರ ಕೋಳಿಸಾರಿನ ಪಂಕ್ತಿಯಲ್ಲಿ ಆ ಹುಡುಗನೂ ಇದ್ದ. ಊಟವಾಗಿ ಕೈ ತೊಳೆಯುವಾಗ ಅವನೇ ಮಾತು ತೆಗೆದ. "ಮೊದಲು ಹಾಗೆ ಯಾಕೆ ತಿದ್ದಿದೆ ಅಂದ್ರೆ ಅಕ್ಕ, ರೂಮು ಹಂಚೋಕೆ ಅದನ್ನೇ ನೋಡ್ತಾರೆ ಅಂತ ಗೊತ್ತಿತ್ತು. ಹಾಸ್ಟೆಲಲ್ಲಿ ನೋಡಿದೀನಲ್ಲ." ನಾನು ಹೂಂ ಎಂದೆ. ಅವನು ಪದ್ಯವೊಂದರ ವಿಷಯಕ್ಕೆ ತಿರುಗಿಕೊಂಡ.

ಎಲ್ಲ ಸರಿಹೋಯಿತೆಂದು ಬರೆದರೆ ಅದೂ ಒಂದು ಬ್ಲಫ್ಫೇ ಆದೀತು. ಶನಿವಾರ ರಾತ್ರಿ ಮಲಗುವ ಹೊತ್ತಿಗೆ ಮಂಡ್ಯದ ಆ ಮೇಡಂ, ಜೊತೆಗೆ ಬಂದಿದ್ದ ಅವರ ತಮ್ಮ, ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ನೆಲದ ಮೇಲೆ ಸಾಲಾಗಿ ಹಾಸಿಗೆ. ನಮ್ಮ ಮದುವೆಮನೆಗಳಲ್ಲಿ, ಕಮ್ಮಟಗಳಲ್ಲಿ ಎಲ್ಲ ಹಾಗೇ ಅಲ್ಲವೇ, ಹಾಸಿಗೆ ಎಂದರೆ ನೆಲದ್ದೇ. ವೀಲ್‌ಚೇರ್‌ನಿಂದ ಅದೇ ಎತ್ತರದ ಮಂಚಕ್ಕಾದರೆ ಅವರು ತೋಳ ಬಲದಿಂದ ತಾವೇ ಸರಿದುಕೊಳ್ಳುತ್ತಾರೆ. ನೆಲಕ್ಕೆ ಇಳಿಯುವುದು, ಬೆಳಿಗ್ಗೆ ನೆಲದಿಂದ ಏಳುವುದು ಆಗದ ಮಾತು. ಹಿಂಬಾಗಿಲಿನ ಇಂಚು ಇಂಚು ಅಳೆದಿದ್ದ ನಾನು ಮಲಗುವುದನ್ನು ಅಳೆದಿರಲಿಲ್ಲ. ಫಾರಂನಲ್ಲಿ ಆ ಒಂದು ಸಾಲು ಇದ್ದಿದ್ದರೆ ಅವರು ಮೊದಲೇ ಹೇಳುತ್ತಿದ್ದರು.

ರಾತ್ರಿ ಹತ್ತೂವರೆಗೆ ಅಜ್ಜಿಯ ಮನೆ ಬಾಗಿಲು ತಟ್ಟಿದೆ. ಅವರ ಮಗ ಏನೂ ಕೇಳದೆ ಮಂಚದ ಒಂದು ತುದಿ ಹಿಡಿದ, ಇನ್ನೊಂದು ತುದಿಗೆ ನಾನೂ ಮೇಡಂ ಅವರ ತಮ್ಮನೂ. ನಡುರಸ್ತೆಯಲ್ಲಿ ಒಮ್ಮೆ ಇಳಿಸಿ ಉಸಿರು ತೆಗೆದುಕೊಂಡೆವು. ಮೇಡಂ ಬಾಗಿಲಲ್ಲೇ ಕೂತು, ಬಲಕ್ಕೆ ಸ್ವಲ್ಪ, ಇನ್ನೂ ಸ್ವಲ್ಪ ಎಂದು ದಾರಿ ಹೇಳುತ್ತಿದ್ದರು.

ಕಮ್ಮಟ ಮುಗಿದ ವಾರದಲ್ಲಿ ಮೊದಲ ಫಾರಂನ ಉತ್ತರಗಳನ್ನೂ ಎರಡನೆಯದರ ಊಟ, ಓಡಾಟದ ಕಾಲಮುಗಳನ್ನೂ ಅಳಿಸಿ ಹಾಕಿದೆ. ಖಾಲಿ ಫಾರಂ ಮಾತ್ರ ಇಟ್ಟುಕೊಂಡಿದ್ದೇನೆ. ಅದರ ಮೇಲ್ಭಾಗದಲ್ಲಿ, ಶೌಚಾಲಯದ ಸಾಲಿನ ಕೆಳಗೆ, ಹೊಸದೊಂದು ಸಾಲು ಸೇರಿದೆ: 'ಮಲಗಲು ನೆಲದ ಮೇಲೆ ಹಾಸಿಗೆ ಇರುತ್ತದೆ. ಮಂಚ ಎರಡಿವೆ, ಬೇಕಾದವರು ತಿಳಿಸಿ.'